ಕೆಟ್ಟಿದ್ದು ಕೇಬಲ್ ಅಲ್ಲ, ನಮ್ಮ ಲೆಕ್ಕ

ಕಳೆದ ತಿಂಗಳ ಚರ್ಚಾಸ್ಪರ್ಧೆ ನಿಮಗೆಲ್ಲ ನೆನಪಿರಬಹುದು. ಸಭಾಂಗಣದಲ್ಲಿ ಜಾಗ ಸಾಲದೆ ಪ್ರಥಮ ಪಿಯುಸಿಯವರನ್ನು ಪಕ್ಕದ ಕೊಠಡಿಯಲ್ಲಿ ಕೂರಿಸಿ, ಪರದೆಯ ಮೇಲೆ ಸ್ಪರ್ಧೆ ತೋರಿಸುವ ಏರ್ಪಾಡಾಗಿತ್ತು. ವೇದಿಕೆಯ ಪಕ್ಕ ಕಂಪ್ಯೂಟರ್, ಸಭಾಂಗಣದ ನಡುವೆ ಸ್ಟ್ಯಾಂಡಿನ ಮೇಲೆ ವೆಬ್‌ಕ್ಯಾಮ್, ಎರಡನ್ನೂ ಸೇರಿಸಲು ಹತ್ತು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ಮೊದಲ ಭಾಷಣಕಾರ ಮೈಕ್ ಹಿಡಿಯುವ ಹೊತ್ತಿಗೆ ಚಿತ್ರ ಚೂರು ಚೂರಾಗಿ ನಿಂತುಹೋಯಿತು. ಕೇಬಲ್ ತೆಗೆದು ಮತ್ತೆ ಹಾಕಿದರೆ "USB device not recognized" ಎಂಬ ಸಂದೇಶ. ಪಕ್ಕದ ಕೊಠಡಿಯವರು ಒಂದು ಗಂಟೆ ಖಾಲಿ ಪರದೆ ನೋಡಿದರು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ನಮ್ಮ ಜೂನಿಯರ್ ಹುಡುಗ ಎಲ್ಲರ ಎದುರು ಬೈಸಿಕೊಂಡ. ಅವನು ಕೇಬಲನ್ನು ಎಳೆದಾಡಿ ಕೆಡಿಸಿದ ಎಂದು ತೀರ್ಮಾನವಾಯಿತು.

ಮರುದಿನ ಸ್ಟಾಕ್ ರಿಜಿಸ್ಟರಿನಲ್ಲಿ ಆ ಕೇಬಲಿನ ಮುಂದೆ "ಕೆಟ್ಟಿದೆ" ಎಂದು ಬರೆಯಲಾಯಿತು. ನಾನು ವಾಣಿಜ್ಯ ವಿಭಾಗದವಳು, ರಿಜಿಸ್ಟರ್ ಕಂಡರೆ ಹಿಂದಿನ ಪುಟ ತಿರುಗಿಸದೆ ಇರಲಾರೆ. ಎರಡು ವರ್ಷಗಳಲ್ಲಿ ಅದೇ ರೀತಿಯ ಮೂರು ಕೇಬಲ್ ಬಂದಿವೆ, ಮೂರರ ಮುಂದೆಯೂ "ಕೆಟ್ಟಿದೆ" ಎಂದೇ ಇದೆ. ಒಂದಕ್ಕೆ ₹350ರಂತೆ ₹1,050 ಖರ್ಚು. ಮೂರೂ ಒಂದೇ ರೀತಿ ಕೆಡುತ್ತವೆ ಎಂದರೆ ತಪ್ಪು ಹುಡುಗನದ್ದಾಗಲಿ ಕೇಬಲಿನದ್ದಾಗಲಿ ಇರಲಾರದು, ಕೊಂಡವರ ಲೆಕ್ಕದಲ್ಲಿ ಇರಬೇಕು ಎಂದು ನನಗನ್ನಿಸಿತು. ಕಂಪ್ಯೂಟರ್ ಲ್ಯಾಬಿನ ಮೇಡಂ ಅನುಮತಿ ಕೊಟ್ಟ ಮೇಲೆ ಮೂರನ್ನೂ ಪರೀಕ್ಷಿಸಿದೆವು. ಮೂರರಲ್ಲೂ ಮೌಸ್ ಚೆನ್ನಾಗಿ ಓಡಿತು. ಮೂರರಲ್ಲೂ ವೆಬ್‌ಕ್ಯಾಮ್ ಓಡಲಿಲ್ಲ. ಅದೇ ವೆಬ್‌ಕ್ಯಾಮನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದರೆ ಯಾವ ತೊಂದರೆಯೂ ಇಲ್ಲ.

ಹಾಗಾದರೆ ಕೇಬಲ್ ಕೆಟ್ಟಿರಲಿಲ್ಲ. ಅದರಿಂದ ಆಗದ ಕೆಲಸವನ್ನು ನಾವು ಅದಕ್ಕೆ ಹೇಳಿದ್ದೆವು.

ನಾವು ಯುಎಸ್‌ಬಿ ಎಕ್ಸ್‌ಟೆನ್ಶನನ್ನು ಮನೆಯ ಫ್ಯಾನಿಗೆ ಹಾಕುವ ಎಕ್ಸ್‌ಟೆನ್ಶನ್ ಬಾಕ್ಸಿನಂತೆಯೇ ತಿಳಿದುಕೊಂಡಿದ್ದೇವೆ. ಆದರೆ ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಉದ್ದ ಹೆಚ್ಚಾದರೆ ಎರಡು ಜೋಡಿಯೂ ಸೋಲುತ್ತವೆ, ಆದರೆ ಸೋಲುವ ಕಾರಣ ಬೇರೆ ಬೇರೆ.

ವಿದ್ಯುತ್ತಿನ ವಿಷಯ ನನಗೆ ಅರ್ಥವಾಗಿದ್ದು ನಮ್ಮ ಮಾಮುವಿನಿಂದ. ಅವರು ಮದುವೆ ಶಾಮಿಯಾನಗಳಿಗೆ ಲೈಟ್ ಹಾಕುತ್ತಾರೆ. ನಡೆದದ್ದನ್ನು ಹೇಳಿದಾಗ ಅವರು ನಕ್ಕು, "ಬೇಟಿ, ತಂತಿ ಉದ್ದ ಆದ್ರೆ ಕೊನೇ ಬಲ್ಬು ಮಂಕಾಗುತ್ತೆ. ತಂತಿ ಸಣ್ಣ ಇದ್ರೆ ಇನ್ನೂ ಮಂಕು" ಎಂದರು. ಇಲ್ಲಿಯೂ ಅದೇ ಲೆಕ್ಕ. ಅಗ್ಗದ ಕೇಬಲಿನಲ್ಲಿ ಸಾಮಾನ್ಯವಾಗಿ ಇರುವ 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ವಿದ್ಯುತ್ ಹೋಗಿ ಮರಳಿ ಬರಬೇಕಾದ್ದರಿಂದ ಹತ್ತು ಮೀಟರ್ ಕೇಬಲ್ ಎಂದರೆ ಇಪ್ಪತ್ತು ಮೀಟರ್ ತಂತಿ, ಅಂದರೆ 4.2 ಓಮ್. ವೆಬ್‌ಕ್ಯಾಮ್ ಕಾಲು ಆಂಪಿಯರ್ ಎಳೆದರೂ ದಾರಿಯಲ್ಲೇ ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕಳೆದುಹೋಗುತ್ತದೆ. ಹೊರಟಿದ್ದು 5 ವೋಲ್ಟ್, ತಲುಪಿದ್ದು 4ಕ್ಕೂ ಕಡಿಮೆ. ಸಾಧನದ ಬಳಿ ಸುಮಾರು 4.4 ವೋಲ್ಟ್ ಆದರೂ ಉಳಿಯಬೇಕು. ಬಲ್ಬಾದರೆ ಮಂಕಾಗಿ ಉರಿಯುತ್ತದೆ, ಕ್ಯಾಮೆರಾ ಮಂಕಾಗಿ ಕೆಲಸ ಮಾಡುವುದಿಲ್ಲ. ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಮಾಮುವಿನ ಶಾಮಿಯಾನದಲ್ಲಿ ಇಲ್ಲದ ಇನ್ನೊಂದು ತೊಂದರೆ ಮಾಹಿತಿಯದ್ದು. ಸಾಮಾನ್ಯ ಮೌಸ್ ಸೆಕೆಂಡಿಗೆ 15 ಲಕ್ಷ ಬಿಟ್‌ಗಳ ನಿಧಾನ ವೇಗದಲ್ಲಿ ಮಾತಾಡುತ್ತದೆ. ಒಳ್ಳೆಯ ವೆಬ್‌ಕ್ಯಾಮ್ ಬಳಸುವ ವೇಗ 48 ಕೋಟಿ ಬಿಟ್. ಆ ವೇಗದಲ್ಲಿ ಒಂದು ಬಿಟ್ಟಿನ ಆಯಸ್ಸು ಎರಡು ನ್ಯಾನೊಸೆಕೆಂಡ್ ಮಾತ್ರ. ತಂತಿ ಉದ್ದವಾದಷ್ಟೂ ಇಂಥ ವೇಗದ ಸಂಕೇತ ಕ್ಷೀಣಿಸಿ, ಒಂದು ಬಿಟ್ ಪಕ್ಕದ ಬಿಟ್ಟಿನೊಳಗೆ ಕಲಸಿಹೋಗುತ್ತದೆ. ನಿಧಾನವಾಗಿ ಮಾತಾಡುವವರ ಮಾತು ದೂರದಿಂದಲೂ ತಿಳಿಯುತ್ತದೆ, ಗಡಿಬಿಡಿಯಲ್ಲಿ ಮಾತಾಡುವವರದು ಹತ್ತಿರದವರಿಗೆ ಮಾತ್ರ. ಮೌಸ್ ಓಡಿ ವೆಬ್‌ಕ್ಯಾಮ್ ನಿಂತದ್ದು ಇದರಿಂದಲೇ.

ಇದರ ಜೊತೆಗೆ ಕಾಯುವ ಸಮಯದ ಕಟ್ಟಳೆಯೂ ಇದೆ. ಯುಎಸ್‌ಬಿಯಲ್ಲಿ ಸಾಧನ ತಾನಾಗಿ ಮಾತಾಡುವುದಿಲ್ಲ. ಕಂಪ್ಯೂಟರ್ ಕೇಳುತ್ತದೆ, ಸಾಧನ ಉತ್ತರಿಸುತ್ತದೆ. ನಿಗದಿತ ಸಮಯದೊಳಗೆ ಉತ್ತರ ಬಾರದಿದ್ದರೆ ಕಂಪ್ಯೂಟರ್ ಅದನ್ನು ಕಳೆದುಹೋಯಿತೆಂದು ಎಣಿಸುತ್ತದೆ. ಆದ್ದರಿಂದ ಒಂದು ಕೇಬಲಿನಲ್ಲಿ ಸಂಕೇತ ಒಂದು ಕಡೆಗೆ ಸಾಗಲು 26 ನ್ಯಾನೊಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ಯುಎಸ್‌ಬಿ 2.0 ನಿಯಮ ಹೇಳುತ್ತದೆ. ಮೀಟರಿಗೆ ಸುಮಾರು 5.2 ನ್ಯಾನೊಸೆಕೆಂಡ್ ಎಂದು ಭಾಗಿಸಿದರೆ ಸಿಗುವುದು 5 ಮೀಟರ್. ಈ ಐದರಲ್ಲಿ ವೆಬ್‌ಕ್ಯಾಮಿನ ಸ್ವಂತ ತಂತಿಯೂ ಸೇರುತ್ತದೆ ಎಂಬುದನ್ನು ನಾವು ಮರೆತಿದ್ದೆವು. ನಮ್ಮದರಲ್ಲಿ 10 ಮೀಟರಿಗೆ ಇನ್ನೂ 1.5 ಮೀಟರ್ ಸೇರಿ 11.5 ಆಗಿತ್ತು.

ಕ್ಯಾಮೆರಾಗೆ ಪೆನ್‌ಡ್ರೈವಿಗಿಂತ ಹೆಚ್ಚು ಕಷ್ಟ. ಪೆನ್‌ಡ್ರೈವಿನ ಮಾಹಿತಿ ದಾರಿಯಲ್ಲಿ ಕೆಟ್ಟರೆ ಕಂಪ್ಯೂಟರ್ ಮತ್ತೆ ಕೇಳಿ ಪಡೆಯುತ್ತದೆ, ಕೆಲಸ ನಿಧಾನವಾಗುತ್ತದೆ ಅಷ್ಟೆ. ವೆಬ್‌ಕ್ಯಾಮ್‌ಗಳು ಸಾಮಾನ್ಯವಾಗಿ ಸಮಯಕ್ಕೆ ಸರಿಯಾಗಿ ಕಳಿಸುತ್ತಾ ಹೋಗುವ ವಿಧಾನ ಬಳಸುತ್ತವೆ. ಅದರಲ್ಲಿ ಕೆಟ್ಟ ತುಣುಕನ್ನು ಮತ್ತೆ ಕೇಳುವಂತಿಲ್ಲ. ಆದ್ದರಿಂದಲೇ ಚಿತ್ರ ಮೊದಲು ಹರಿಯುತ್ತದೆ, ಆಮೇಲೆ ನಿಲ್ಲುತ್ತದೆ.

ತೊಂದರೆ ವಿದ್ಯುತ್ತಿನದೋ ಸಂಕೇತದ್ದೋ ಎಂದು ತಿಳಿಯಲು ಲ್ಯಾಬಿನಲ್ಲಿದ್ದ ಪವರ್ಡ್ ಹಬ್ ಸಹಾಯಕ್ಕೆ ಬಂತು. ಇದು ಸ್ವಂತ ಅಡಾಪ್ಟರಿನಿಂದ ಗೋಡೆಯ ಪ್ಲಗ್ಗಿನ ವಿದ್ಯುತ್ ಪಡೆಯುವ ಹಬ್. ಮೊದಲು ಅದನ್ನು ಹತ್ತು ಮೀಟರ್ ಕೇಬಲಿನ ಕೊನೆಯಲ್ಲಿ ಇಟ್ಟೆವು. ಈಗ ಕ್ಯಾಮೆರಾಗೆ ಪೂರ್ತಿ 5 ವೋಲ್ಟ್ ಸಿಕ್ಕಿತು, ದೀಪ ಹೊತ್ತಿತು, ಪರದೆಯಲ್ಲಿ ಅದರ ಹೆಸರೂ ಬಂತು. ಆದರೆ ಒಂದು ನಿಮಿಷದೊಳಗೆ ಚಿತ್ರ ಮತ್ತೆ ಹರಿಯಿತು. ಹಸಿವು ನೀಗಿದರೂ ಹಬ್ಬಿನವರೆಗಿನ ಹತ್ತು ಮೀಟರ್ ದಾರಿ ಹಾಗೆಯೇ ಇತ್ತು.

ಆಮೇಲೆ ಸಭಾಂಗಣಕ್ಕೆ ಹೋಗಿ ಟೇಪ್ ಹಿಡಿದು ಅಳೆದೆವು. ಕಂಪ್ಯೂಟರಿನಿಂದ ಕ್ಯಾಮೆರಾವರೆಗೆ ಬೇಕಾಗಿದ್ದುದು ಬರೇ 8 ಮೀಟರ್. ಗೋಡೆಯ ಪ್ಲಗ್ ಪಾಯಿಂಟ್ ಒಂದು ಹೆಚ್ಚುಕಡಿಮೆ ನಡುವಿನಲ್ಲೇ ಇದೆ. ಕಂಪ್ಯೂಟರಿನಿಂದ 3 ಮೀಟರ್ ಎಕ್ಸ್‌ಟೆನ್ಶನ್, ಅದಕ್ಕೆ ಹಬ್ಬಿನ 1 ಮೀಟರ್ ತಂತಿ, ಒಟ್ಟು 4. ಹಬ್ಬಿನಿಂದ ಇನ್ನೊಂದು 3 ಮೀಟರ್ ಎಕ್ಸ್‌ಟೆನ್ಶನ್, ಅದಕ್ಕೆ ಕ್ಯಾಮೆರಾದ 1.5, ಒಟ್ಟು 4.5. ಎರಡು ತುಂಡೂ ಐದರೊಳಗೆ. ಹಬ್ ಬಂದ ಸಂಕೇತವನ್ನು ಹಾಗೆಯೇ ದಾಟಿಸದೆ ಹೊಸದಾಗಿ ಬಲವಾಗಿ ಕಳಿಸುತ್ತದೆ, ಆದ್ದರಿಂದ ಅಳತೆ ಅಲ್ಲಿಂದ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಂದೂವರೆ ಗಂಟೆ ಕ್ಯಾಮೆರಾ ಓಡಿಸಿದೆವು. ಒಮ್ಮೆಯೂ ನಿಲ್ಲಲಿಲ್ಲ.

ನಡುವೆ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಆಗ ಆಕ್ಟಿವ್ ಕೇಬಲ್ ಬೇಕು. ಇದು ನೋಡಲು ಸಾದಾ ಎಕ್ಸ್‌ಟೆನ್ಶನಿನಂತೆಯೇ ಇದ್ದರೂ ಒಂದು ತುದಿಯಲ್ಲೋ ನಡುವೆಯೋ ಉಬ್ಬಿದ ಭಾಗವಿರುತ್ತದೆ. ಅದರೊಳಗಿನ ಚಿಪ್ ಒಂದೇ ಬಾಗಿಲಿನ ಹಬ್ಬಿನಂತೆ ಸಂಕೇತವನ್ನು ಮತ್ತೆ ಎತ್ತಿ ಕಳಿಸುತ್ತದೆ. ಅಂಥ ಕೇಬಲನ್ನು ಚುಚ್ಚಿದಾಗ ಕಂಪ್ಯೂಟರಿನ `Device Manager`ನಲ್ಲಿ ಸಾಮಾನ್ಯವಾಗಿ ಒಂದು ಹಬ್ ಹೆಚ್ಚಾಗಿ ಕಾಣಿಸುತ್ತದೆ. ಏನೂ ಹೆಚ್ಚಾಗದಿದ್ದರೆ ಡಬ್ಬಿಯ ಮೇಲಿನ ಮಾತನ್ನು ಅನುಮಾನಿಸಬೇಕು. ಆದರೆ ಆ ಚಿಪ್ಪಿಗೂ ವಿದ್ಯುತ್ ಬೇಕು, ಅದು ಬರುವುದು ಅದೇ ಕೇಬಲಿನಿಂದ. ಸಂಕೇತದ ತೊಂದರೆ ನೀಗುತ್ತದೆ, ವೋಲ್ಟಿನ ತೊಂದರೆ ಉಳಿಯುತ್ತದೆ. ಹೆಚ್ಚು ವಿದ್ಯುತ್ ಬೇಡದ ಒಂದೇ ಸಾಧನಕ್ಕೆ, ಅಥವಾ ಸ್ವಂತ ಪ್ಲಗ್ ಇರುವ ಪ್ರಿಂಟರಿಗೆ ಇದು ಸರಿ. ಹೆಚ್ಚು ಎಳೆಯುವ ಕ್ಯಾಮೆರಾಗೆ, ಹಾರ್ಡ್ ಡಿಸ್ಕಿಗೆ ಪಕ್ಕದಲ್ಲಿ ಅಡಾಪ್ಟರ್ ಚುಚ್ಚುವ ತೂತಿರುವ ಆಕ್ಟಿವ್ ಕೇಬಲ್ ಬೇಕು, ಇಲ್ಲವೇ ಪವರ್ಡ್ ಹಬ್. ಅಡಾಪ್ಟರ್ ಇಲ್ಲದ ಸಾದಾ ಹಬ್ ಇಲ್ಲಿ ಸಾಲದು, ನಿಯಮದಂತೆ ಅದು ಒಂದೊಂದು ಬಾಗಿಲಿಗೆ ಕೊಡುವುದು 0.1 ಆಂಪಿಯರ್ ಮಾತ್ರ.

ಹೀಗೆ ಹಬ್ಬಿನ ಮೇಲೆ ಹಬ್ ಎಷ್ಟು ಬೇಕಾದರೂ ಜೋಡಿಸಬಹುದೆಂದಲ್ಲ. ಸಾಲಾಗಿ ಐದು ಹಬ್‌ಗಳಿಗೆ ಮಿತಿ, ಆಕ್ಟಿವ್ ಕೇಬಲಿನೊಳಗಿನ ಚಿಪ್ಪೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಮೈದಾನದ ಆಚೆ ತುದಿಗೆ ಕ್ಯಾಮೆರಾ ಇಡಬೇಕಾದರೆ ಲ್ಯಾಪ್‌ಟಾಪನ್ನೇ ಅದರ ಪಕ್ಕಕ್ಕೆ ಒಯ್ದು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಎಳೆಯುವುದೇ ಜಾಣತನ. ಅದು 100 ಮೀಟರಿನವರೆಗೆ ಸಾಗುವಂತೆ ಮಾಡಿದ್ದು.

ಕಾಲೇಜಿನಲ್ಲಿ ನನ್ನ ಕೋರಿಕೆ ಎರಡು. ಮೊದಲನೆಯದು, ಇನ್ನು ಮುಂದೆ ಯುಎಸ್‌ಬಿ ಕೇಬಲ್ ಕೊಳ್ಳುವ ಚೀಟಿಯಲ್ಲಿ ಉದ್ದದ ಜೊತೆಗೆ ಮೂರು ವಿಷಯ ಬರೆಯಲಿ: ಕೊನೆಯಲ್ಲಿ ಯಾವ ಸಾಧನ, ಅದಕ್ಕೆ ಸ್ವಂತ ವಿದ್ಯುತ್ ಇದೆಯೇ, ದಾರಿಯಲ್ಲಿ ಪ್ಲಗ್ ಪಾಯಿಂಟ್ ಇದೆಯೇ. ಸಾಧನದ ಸ್ವಂತ ತಂತಿಯೂ ಸೇರಿ 5 ಮೀಟರ್ ದಾಟುವುದಾದರೆ ಸಾದಾ ಎಕ್ಸ್‌ಟೆನ್ಶನ್ ಬೇಡವೇ ಬೇಡ. ಅದೇ ಅಂಗಡಿಯಲ್ಲಿ ವಿಚಾರಿಸಿದೆ, ಹತ್ತು ಮೀಟರಿನ ಆಕ್ಟಿವ್ ಕೇಬಲಿಗೆ ₹1,200 ಹೇಳಿದರು. ಮೂರು ಬಾರಿ ಅಗ್ಗದ್ದನ್ನು ಕೊಂಡು ನಾವು ಉಳಿಸಿದ್ದು ₹150, ಕಳೆದುಕೊಂಡದ್ದು ಒಂದು ಸ್ಪರ್ಧೆ. ಇದನ್ನು ಉಳಿತಾಯ ಎಂದು ಯಾವ ಲೆಕ್ಕಪುಸ್ತಕದಲ್ಲೂ ಬರೆಯಲಾಗದು.

ಎರಡನೆಯದು, ರಿಜಿಸ್ಟರಿನಲ್ಲಿ ಆ ಮೂರು ಕೇಬಲ್‌ಗಳ ಮುಂದಿನ "ಕೆಟ್ಟಿದೆ" ಎಂಬುದನ್ನು ಹೊಡೆದು "ಮೌಸ್, ಕೀಬೋರ್ಡಿಗೆ ಮಾತ್ರ" ಎಂದು ಬರೆಯಲಿ. ಅದನ್ನು ಬರೆಯುವಾಗ ಆ ಜೂನಿಯರ್ ಹುಡುಗನನ್ನೂ ಕರೆಸಲಿ. ಅಂದಿನಿಂದ ಅವನು ಲ್ಯಾಬಿನ ಕಡೆ ಬಂದಿಲ್ಲ. ಎಲ್ಲರ ಎದುರು ಹೊರಿಸಿದ ತಪ್ಪು ಅವನದ್ದಲ್ಲ ಎಂದು ಎಲ್ಲರ ಎದುರೇ ಹೇಳಬೇಕಾಗಿದೆ.