ಹಿಗ್ಗಿಸಿದ ಮಾತು, ಕುಗ್ಗಿಸಿದ ಮಾತು

9ನೆಯ ಶತಮಾನದ ‘ಕವಿರಾಜಮಾರ್ಗ’ವು ಅತಿಶಯವನ್ನು ಅರ್ಥಾಲಂಕಾರಗಳಲ್ಲಿ ಎಣಿಸಿದೆ. ಹಾಸ್ಯಕ್ಕಾದರೋ ಹಿಗ್ಗಿಸುವಂತೆಯೇ ಕುಗ್ಗಿಸುವುದೂ ಸಾಧನ. ಹನೂರು ಸೀಮೆಯ ಶಾಗ್ಯದಂತಹ ಊರಿನಲ್ಲಿ ನಾಲ್ಕು ಹನಿ ಉದುರಿದಾಗ ‘ಊರೇ ತೇಲಿಹೋಯಿತು’ ಎಂದರೆ ನಗು ಬರುತ್ತದೆ. ಬಿರುಗಾಳಿಗೆ ಹೆಂಚೆಲ್ಲ ಹಾರಿಹೋದ ಮನೆಯಾತ ‘ಒಳಗೆ ತುಸು ಗಾಳಿಯಾಡಿತು’ ಎಂದರೂ ನಗು ಬರುತ್ತದೆ. ಎರಡರಲ್ಲಿಯೂ ನಗುವಿನ ಮೂಲ ಸಂಗತಿಗೂ ಮಾತಿಗೂ ನಡುವಿನ ಅಂತರವೇ.

ಆದರೆ ನಾಲ್ಕು ಹನಿಗೆ ‘ಒಂದು ಹದ ಮಳೆಯಾಯಿತು’ ಎಂದಿದ್ದರೆ ಅದು ನಂಬಬಹುದಾದ ಮಾತಾಗಿ ಬರಿಯ ಸುಳ್ಳೆನಿಸುತ್ತಿತ್ತು. ಅತಿಶಯವು ನಂಬಿಕೆಯ ಗಡಿಯನ್ನು ದಾಟಲೇಬೇಕು. ನ್ಯೂನೋಕ್ತಿಗೆ ಬೇಕಾದುದು ಬೇರೆ: ಹೆಂಚು ಹಾರಿದ ಸಂಗತಿಯನ್ನು ಕೇಳುಗನು ಮೊದಲೇ ಬಲ್ಲವನಾಗಿರಬೇಕು, ಅರಿಯದವನಿಗೆ ಅದು ಬರಿಯ ವರದಿ. ಅಲ್ಲದೆ, ನಷ್ಟವನ್ನು ಕುಗ್ಗಿಸುವ ಮಾತು ನಷ್ಟವುಂಡವನ ಬಾಯಲ್ಲಿಯೇ ಶೋಭಿಸುತ್ತದೆ. ನೆರೆಯವನು ಆಡಿದರೆ ಅದೇ ಮಾತು ಅಣಕವಾಗುತ್ತದೆ.