ಅಜ್ಜಿಯ ಗೋಡೆ ಕ್ಯಾಲೆಂಡರ್

ಈ ಸಲ ಅಂಕಣಕ್ಕೆ ಒಂದು ಕತೆ. ಓದುತ್ತಾ ನಿಮ್ಮ ಮನೆಯ ಅಡುಗೆಕೋಣೆಯ ಗೋಡೆ ನೆನಪಾದರೆ ಅದು ನಿಮ್ಮ ಕತೆಯೂ ಹೌದು.

ಡೊಂಬಿವಲಿಯ ನಮ್ಮ ಮನೆ ಅಂದರೆ ಅಕ್ಕಪಕ್ಕದ ಎರಡು ಫ್ಲ್ಯಾಟುಗಳ ನಡುವಿನ ಗೋಡೆ ಒಡೆದು ಮಾಡಿದ ಒಂದು ಮನೆ. ದೊಡ್ಡಪ್ಪ, ಅಪ್ಪ, ಕಾಕಾ ಮೂವರ ಸಂಸಾರ, ಜೊತೆಗೆ ಅಜ್ಜಿ. ಒಟ್ಟು ಹನ್ನೆರಡು ಜನ, ಒಂದೇ ಒಲೆ. ಆ ಒಲೆಯ ಎದುರಿನ ಗೋಡೆಯ ಮೊಳೆಗೆ ಅಜ್ಜಿಯ ಕ್ಯಾಲೆಂಡರ್.

ಡಿಸೆಂಬರ್ ಬಂತೆಂದರೆ ಮನೆಗೆ ಏಳೆಂಟು ಕ್ಯಾಲೆಂಡರ್ ಬರುತ್ತಿದ್ದವು. ದೇವರ ಚಿತ್ರದ್ದು, ಅಡುಗೆಯ ವಿಧಾನ ಬರೆದದ್ದು, ರಾಶಿಫಲದ್ದು. ಅಜ್ಜಿ ಆರಿಸುತ್ತಿದ್ದದ್ದು ಮಾತ್ರ ಕಿರಾಣಿ ಅಂಗಡಿಯವನು ಪುಕ್ಕಟೆ ಕೊಡುವ, ಚಿತ್ರವೇ ಇಲ್ಲದ ಒಂದನ್ನು. ದೊಡ್ಡ ದೊಡ್ಡ ಬಿಳಿ ಮನೆಗಳು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತಿಥಿ, ಅದು ಮುಗಿಯುವ ಹೊತ್ತು. "ಬರೀಲಿಕ್ಕೆ ಜಾಗಾ ಇಲ್ಲದ ಕ್ಯಾಲೆಂಡರ್ ತೊಗೊಂಡು ಏನ್ ಮಾಡ್ಲಿ?" ಅನ್ನುತ್ತಿದ್ದಳು.

ಬರೆಯುವುದಕ್ಕೆ ಅವಳದೇ ಕಟ್ಟಳೆ ಇತ್ತು. ದವಾಖಾನೆಯದು ಕೆಂಪು ಪೆನ್ನಿನಲ್ಲಿ. ಶಾಲೆ, ಆಫೀಸು, ಮದುವೆ, ಮುಂಜಿ ನೀಲಿಯಲ್ಲಿ. ಇನ್ನೂ ಗಟ್ಟಿಯಾಗದ್ದು ಪೆನ್ಸಿಲ್ಲಿನಲ್ಲಿ. ಟಿಕೆಟ್ಟೋ ಡಾಕ್ಟರ ಚೀಟಿಯೋ ಕೈಗೆ ಬಂದ ಮೇಲೆ ಅದರ ಮೇಲೆ ಪೆನ್ನು ತಿದ್ದುತ್ತಿದ್ದಳು. ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸೊನ್ನೆ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಎಂದರೆ ಯಾರೂ ತಾವೇ ಬರೆಯುವಂತಿಲ್ಲ. ಅಡುಗೆಕೋಣೆಗೆ ಬಂದು ಬಾಯಿಬಿಟ್ಟು ಹೇಳಬೇಕು. ಅಜ್ಜಿ ಆ ಮನೆಯಲ್ಲಿ ಆಗಲೇ ಏನಿದೆ ಎಂದು ಜೋರಾಗಿ ಓದಿ, ಆಮೇಲೆ ಬರೆಯುತ್ತಿದ್ದಳು. ಹೇಳುವಾಗ ಅಲ್ಲಿ ದೊಡ್ಡವ್ವನೋ ಅಮ್ಮನೋ ಇದ್ದೇ ಇರುತ್ತಿದ್ದರು. ಹೀಗಾಗಿ ಒಬ್ಬರ ಕೆಲಸ ಇನ್ನಿಬ್ಬರ ಕಿವಿಗೆ ಬೀಳದೆ ಗೋಡೆ ಏರುತ್ತಿರಲಿಲ್ಲ.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಕಾಕುಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಆರು ಕೀಮೋ ಹೇಳಿದರು, 21 ದಿನಕ್ಕೊಂದು. ಕಾಕಾ ಫೈಲು ಹಿಡಿದು ಬಂದು ಅಡುಗೆಕೋಣೆಯಲ್ಲಿ ಸುಮ್ಮನೆ ನಿಂತ. ಅಜ್ಜಿ ಏನೂ ಕೇಳದೆ ಕೆಂಪು ಪೆನ್ನು ತೆಗೆದಳು. 21 ದಿನ ಅಂದರೆ ಅದೇ ವಾರ, ಮೂರು ವಾರ ದಾಟಿ. ಮೊದಲನೆಯದು ಗುರುವಾರ, ಆರೂ ಗುರುವಾರವೇ. ಡಿಸೆಂಬರ್ ತನಕ ಬರೆದು, ಆರನೆಯದು ಹೊಸ ವರ್ಷಕ್ಕೆ ಹೋಗುತ್ತದೆ ಎಂದು ಕೊನೆಯ ಹಾಳೆಯ ಅಂಚಿಗೆ ಗುರುತು ಹಾಕಿದಳು.

ಪ್ರತಿ ಗುರುವಾರದ ಎರಡು ದಿನ ಮುಂಚೆ ಒಂದು ಕೆಂಪು 'ರ', ರಕ್ತ ಪರೀಕ್ಷೆಗೆ. ಬಿಳಿ ರಕ್ತಕಣ ಸಾಕಷ್ಟು ಇದ್ದರೆ ಮಾತ್ರ ಮುಂದಿನ ಡೋಸು. ಔಷಧಿ ಹೋದ ಮೇಲೆ ಸುಮಾರು ಏಳರಿಂದ ಹದಿನಾಲ್ಕನೇ ದಿನದ ತನಕ ಆ ಕಣಗಳು ತೀರಾ ಕೆಳಗಿಳಿಯುತ್ತವೆ, ಸೋಂಕು ಬೇಗ ತಗಲುತ್ತದೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ನರ್ಸ್ ಹೇಳಿದ್ದಳು. ಅಜ್ಜಿ ಆ ಮನೆಗಳ ತಳಕ್ಕೆ ಪೆನ್ಸಿಲ್ ಗೆರೆ ಎಳೆದಳು. ಗೆರೆ ಇದ್ದ ದಿನ ಮನೆಗೆ ನೆಂಟರಿಲ್ಲ, ನೆಗಡಿ ಬಂದ ಹುಡುಗರಿಗೆ ಕಾಕುವಿನ ಕೋಣೆಗೆ ಪ್ರವೇಶವಿಲ್ಲ. ಯಾರಿಗೂ ವಿವರಿಸಬೇಕಾಗಿರಲಿಲ್ಲ, ಗೆರೆ ನೋಡಿದರೆ ಸಾಕಿತ್ತು.

ತೊಡಕು ಬಂದದ್ದು ನವೆಂಬರಿನಲ್ಲಿ, ಮೂರನೇ ಡೋಸಿನ ವಾರ. ನಮ್ಮ ಅಜ್ಜನ ತಿಥಿ ಕಾರ್ತಿಕ ಬಹುಳ ಅಷ್ಟಮಿ. ದಿಲ್ಲಿಯಲ್ಲಿರುವ ಅತ್ಯಾ ಅಲ್ಲಿಯ ಕ್ಯಾಲೆಂಡರ್ ನೋಡಿ, "ಇಲ್ಲಿ ಮಾರ್ಗಶಿರ ಅಂತ ಬರದಾರಲ್ಲ" ಎಂದು ವರ್ಷಾವರ್ಷ ಫೋನು ಮಾಡುತ್ತಿದ್ದಳು. ಉತ್ತರದವರಿಗೆ ಹುಣ್ಣಿಮೆಗೇ ತಿಂಗಳು ಮುಗಿಯುತ್ತದೆ, ನಮಗೆ ಅಮಾವಾಸ್ಯೆಗೆ. ಹೀಗಾಗಿ ಕೃಷ್ಣಪಕ್ಷಕ್ಕೆ ಅಲ್ಲಿ ಮುಂದಿನ ತಿಂಗಳ ಹೆಸರು, ದಿನ ಮಾತ್ರ ಅದೇ. ಈ ಸಲ ತೊಡಕು ಅದಲ್ಲ. ಕ್ಯಾಲೆಂಡರಿನಲ್ಲಿ ಶುಕ್ರವಾರದ ಮನೆಯಲ್ಲಿ 'ಅಷ್ಟಮಿ' ಎಂದಿತ್ತು. ದೊಡ್ಡಪ್ಪ ಆಫೀಸಿಗೆ ಹೋಗುವ ಅವಸರದಲ್ಲಿ ಅದನ್ನು ನೋಡಿ, ಭಟ್ಟರಿಗೆ ಶುಕ್ರವಾರ ಎಂದು ಹೇಳಿ, ಶುಕ್ರವಾರಕ್ಕೇ ರಜೆ ಹಾಕಿದ್ದ. ಅವನ ಮಗ ಎಲ್ಲರ ಫೋನಿಗೂ ಶುಕ್ರವಾರದ ನೆನಪೋಲೆ ಕಳಿಸಿದ್ದ. ಗುರುವಾರ ಆಸ್ಪತ್ರೆ, ಶುಕ್ರವಾರ ಶ್ರಾದ್ಧ. ಎಲ್ಲರಿಗೂ ಸಮಾಧಾನ.

ವಾರ ಮುಂಚೆ ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದಳು. ಅವಳಿಗೆ ಕಣ್ಣಿನ ಪೊರೆ ಬೆಳೆಯುತ್ತಿತ್ತು, ಸಣ್ಣಕ್ಷರ ಕಾಣುತ್ತಿರಲಿಲ್ಲ.

"ಗುರುವಾರದ ಮನಿಯೊಳಗ ಸಣ್ಣದಾಗಿ ಏನ್ ಬರದದ, ಓದು."

"ಸಪ್ತಮಿ, ಬೆಳಿಗ್ಗೆ 10.50ರ ತನಕ."

"ಶುಕ್ರವಾರ?"

"ಅಷ್ಟಮಿ, ಬೆಳಿಗ್ಗೆ 9.40ರ ತನಕ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಂದ್ರ ಶ್ರಾದ್ಧ ಗುರುವಾರ."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕ್ಯಾಲೆಂಡರಿನ ಮನೆಯಲ್ಲಿ ಅಚ್ಚು ಹಾಕುವುದು ಸೂರ್ಯ ಹುಟ್ಟುವಾಗ ಇರುವ ತಿಥಿಯನ್ನು. ತಿಥಿಗೆ ದಿನದ ಹಾಗೆ ನಡುರಾತ್ರಿಗೆ ಬದಲಾಗುವ ಲೆಕ್ಕವಿಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವಷ್ಟು ಹೊತ್ತು ಒಂದು ತಿಥಿ. ಅದು ಕೆಲವೊಮ್ಮೆ 20 ತಾಸಿಗೇ ಮುಗಿದರೆ, ಕೆಲವೊಮ್ಮೆ 26 ತಾಸು ಎಳೆಯುತ್ತದೆ. ಆದರೆ ವರ್ಷದ ಶ್ರಾದ್ಧಕ್ಕೆ ಬೆಳಗಿನ ತಿಥಿ ನೋಡುವುದಿಲ್ಲ, ಅಪರಾಹ್ನದ್ದು ನೋಡಬೇಕು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ನವೆಂಬರಿನಲ್ಲಿ ಮುಂಬಯಿ ಕಡೆ ಅದು ಸುಮಾರು ಒಂದೂವರೆಯಿಂದ ಮೂರೂಮುಕ್ಕಾಲು. ಗುರುವಾರ ಆ ಹೊತ್ತಿಗೆ ಅಷ್ಟಮಿ ಹತ್ತಿರುತ್ತದೆ. ಶುಕ್ರವಾರ ಆ ಹೊತ್ತಿಗೆ ಅಷ್ಟಮಿ ಮುಗಿದು ನವಮಿ. "ಹೆಸರ ಓದಿದ್ರ ಸಾಲದು, ತಾಸೂ ಓದಬೇಕು," ಅಂದಳು.

ಆ ರಾತ್ರಿ ಊಟವಾದ ಮೇಲೆ ಅಜ್ಜಿ ಎಲ್ಲರನ್ನೂ ಅಡುಗೆಕೋಣೆಗೆ ಕರೆದು, ಗುರುವಾರದ ಮನೆಯಲ್ಲಿ ಮೊದಲೇ ಇದ್ದದ್ದನ್ನು ಜೋರಾಗಿ ಓದಿ, ಆಮೇಲೆ ಇದನ್ನು ಹೇಳಿದಳು. ದೊಡ್ಡಪ್ಪ ಫೋನು ತೆಗೆದ, ಮತ್ತೆ ಇಟ್ಟ. ಕಾಕಾ ಹತ್ತೊಂಬತ್ತು ವರ್ಷ ಒಂದು ಶ್ರಾದ್ಧವನ್ನೂ ತಪ್ಪಿಸಿದವನಲ್ಲ.

"ಶುಕ್ರವಾರನ ಇರ್ಲಿ ಬಿಡವ್ವಾ. ಯಾರಿಗೆ ಗೊತ್ತಾಗ್ತದ?" ಅಂದ.

"ನನಗ ಗೊತ್ತಾಗೇದಲ್ಲ."

ಕಾಕು ಬಾಗಿಲಿಗೆ ಒರಗಿ ನಿಂತಿದ್ದಳು, ತಲೆಗೆ ಸೆರಗು. "ನನ್ನ ಇಂಜೆಕ್ಷನ್ನ ಒಂದ ದಿನ ಮುಂದ ಹಾಕ್ರಿ ಅತ್ಯಾ. ಒಂದ ದಿನಕ್ಕ ಏನಾಗ್ತದ?"

ಅಜ್ಜಿ ನನ್ನ ಕಡೆ ನೋಡಿದಳು. ಮರುದಿನ ನಾನು ಆಸ್ಪತ್ರೆಗೆ ಫೋನು ಮಾಡಿದೆ. ಶುಕ್ರವಾರ ಡೇ ಕೇರಿನಲ್ಲಿ ಹಾಸಿಗೆ ಇಲ್ಲ, ಮುಂದಿನ ಮಂಗಳವಾರ ಕೊಡಬಹುದು ಎಂದರು. ಡಾಕ್ಟರಿಗೂ ಕೇಳಿದೆ. ಕಣಗಳು ಏರದಿದ್ದರೆ ನಾವೇ ಮುಂದೂಡುತ್ತೇವೆ, ಅದು ಬೇರೆ. ರಕ್ತ ಸರಿಯಿದ್ದಾಗ ಮನೆಯ ಕಾರಣಕ್ಕೆ ಐದು ದಿನ ತಳ್ಳಬೇಡಿ ಎಂದರು. ಅಜ್ಜಿ ಗೋಡೆಯ ಎದುರು ನಿಂತು, ಮಂಗಳವಾರದಿಂದ ಮೂರು ಮೂರು ವಾರ ಬೆರಳಿಟ್ಟು ಎಣಿಸಿದಳು. ಮುಂದಿನ ಮೂರೂ ಡೋಸು, ಮೂರೂ 'ರ', ತಳದ ಗೆರೆಗಳು ಎಲ್ಲಾ ಸರಿಯುತ್ತಿದ್ದವು. ಬೆರಳು ತೆಗೆದಳು.

"ದವಾಖಾನಿ ಗುರುವಾರ. ಶ್ರಾದ್ಧನೂ ಗುರುವಾರ. ಸಣ್ಣಾಂವ ದವಾಖಾನಿಗೆ, ದೊಡ್ಡಾಂವ ಮಣಿ ಮ್ಯಾಲೆ."

"ಅವ್ವಾ, ನಾನೂ ಮಗಾನ..." ಕಾಕಾನ ದನಿ ನಡುಗಿತು.

"ಒಲಿ ಒಂದ ಇರೋತನಕ ಹಿರ್ಯಾ ಮಾಡಿದ್ರ ಮೂವರೂ ಮಾಡಿಧಂಗ, ಭಟ್ಟರನ್ನ ಕೇಳು. ನಿಮ್ಮಪ್ಪ ವರ್ಷಾ ಬರ್ತಾನ. ಇದು ಆರ ಸಲ, ಅಷ್ಟ."

ಭಟ್ಟರು ಪಂಚಾಂಗ ತೆಗೆದು ನೋಡಿ, ಗುರುವಾರವೇ ಸರಿ, ಹಂಚಿಕೆಯಾಗದ ಮನೆಯಲ್ಲಿ ಹಿರಿಯ ಮಗ ಮಾಡಿದರೆ ಸಾಕು, ಒಂದು ಗಂಟೆಗೆ ಬರುತ್ತೇನೆ ಎಂದರು. ದೊಡ್ಡಪ್ಪ ರಜೆ ಬದಲಿಸಿದ. ಪ್ರತಿ ವರ್ಷ ವಡೆ ಮಾಡುತ್ತಿದ್ದವಳು ಕಾಕು. ಆ ಸಲ ಅಮ್ಮ ಮಾಡಿದಳು.

ಗುರುವಾರ ಬೆಳಿಗ್ಗೆ ಆರರ ಲೋಕಲ್ಲಿನಲ್ಲಿ ಕಾಕಾ, ಕಾಕು, ನಾನು ಹೊರಟೆವು. ಮಂಗಳವಾರದ ರಕ್ತ ಸರಿಯಿತ್ತು. ಹನ್ನೊಂದಕ್ಕೆ ಡ್ರಿಪ್ ಹಚ್ಚಿದರು. ಕಾಕಾ ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಎರಡು ಗಂಟೆಗೆ ಕಾಕು ಕಣ್ಣು ತೆರೆದು, "ಈಗ ಪಿಂಡ ಇಡ್ತಿರಬೇಕು," ಅಂದಳು. ಕಾಕಾ ಹಾಸಿಗೆಯ ಪಕ್ಕದ ಕುರ್ಚಿಯಿಂದ ಎದ್ದು, ದಕ್ಷಿಣ ಯಾವ ಕಡೆ ಎಂದು ನನ್ನನ್ನು ಕೇಳಿ, ಆ ಕಡೆ ತಿರುಗಿ ಕೈಮುಗಿದ. ಡ್ರಿಪ್ ಬದಲಿಸಲು ಬಂದ ನರ್ಸ್ ಅವನು ಕೂರುವ ತನಕ ಕಾದಳು.

ಡಿಸೆಂಬರ್ ಕೊನೆಯಲ್ಲಿ ಅಜ್ಜಿ ಎರಡು ಮಧ್ಯಾಹ್ನ ಕೂತು ಹೊಸ ಕ್ಯಾಲೆಂಡರ್ ತುಂಬಿಸಿದಳು. ನಾನು ಸಣ್ಣಕ್ಷರ ಓದುತ್ತಾ ಹೋದೆ, ಹೆಸರೂ ತಾಸೂ. ಹುಟ್ಟುಹಬ್ಬ ಹಳೆಯದರಿಂದ ನೇರ ಇಳಿಯಿತು. ತಿಥಿಗಳನ್ನು ಹೊಸದಾಗಿ ಲೆಕ್ಕ ಹಾಕಿದೆವು. ಅಂಚಿನ ಗುರುತಿನಿಂದ ಎಣಿಸಿ ಆರನೇ ಡೋಸನ್ನು ಜನವರಿಯ ಗುರುವಾರಕ್ಕೆ ಬರೆಯುವಾಗ ಪೆನ್ನು ನನ್ನ ಕೈಗೆ ಕೊಟ್ಟಳು.

ಕಾಕು ಬಂದು ನಿಂತಳು. "ಮೇ ತಿಂಗಳ ಸೂಟಿಯೊಳಗ ಧಾರವಾಡಕ್ಕ ಹೋಗಿ ಬರೋಣಂತ ಅತ್ಯಾ. ಬರೀತೀರೇನು?"

ಅಜ್ಜಿ ಮೇ ಹಾಳೆ ತೆಗೆದು, ಆಗಲೇ ಏನಿದೆ ಎಂದು ಜೋರಾಗಿ ಓದಿಸಿದಳು. ಏನೂ ಇರಲಿಲ್ಲ. ಆಗ ರೈಲಿನ ಬುಕಿಂಗ್ 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರಿನಿಂದ ಅದು 60 ದಿನ. ಹಿಂದಕ್ಕೆ ಎಣಿಸಿ ಜನವರಿಯ ಒಂದು ಮನೆಯಲ್ಲಿ 'ಟಿಕೆಟ್' ಎಂದು ಬರೆಸಿದಳು.

"ಮೇ ತಿಂಗಳದ್ದು ಪೆನ್ಸಿಲ್ಲಿಲೆ ಬರಿ," ಅಂದಳು ನನಗೆ. "ಟಿಕೆಟ್ ಬಂದ ಮ್ಯಾಲೆ ಇಕೀನ ಪೆನ್ನಿಲೆ ತಿದ್ದಲಿ."