ಬಣ್ಣದ ಪೆಟ್ಟಿಗೆ: ರಾತ್ರಿ ಬಸ್ಸು ಇಳಿದ ಕಣ್ಣು

ಈ ವಾರ ಅಂಚೆಯಲ್ಲಿ ಬಂದ ಮೂರು ಕಾಗದಗಳು ಒಂದೇ ಮಾತು ಹೇಳುತ್ತಿವೆ. ಒಂದು ಹುಕ್ಕೇರಿಯದು, ಒಂದು ಗೋಕಾಕದ್ದು, ಇನ್ನೊಂದು ಮೂಡಲಗಿಯದು. ಮೂವರೂ ಕೇಳಿರುವುದು ಊದಿದ ಕಣ್ಣುರೆಪ್ಪೆಯ ವಿಚಾರ. ಮೊದಲು ಹುಕ್ಕೇರಿಯ ಮಿತ್ರನ ಕಾಗದ ಓದೋಣ. ಅವನ ಸಂಕಟ ಬರೀ ಚೆಂದದ ಪ್ರಶ್ನೆಯಲ್ಲ, ಮಾನದ ಪ್ರಶ್ನೆ!

"ಸರ, ಸಣ್ಣ ಪಾರ್ಟಿಗೆ ಹುಡುಗರು ಬೇಕಾಗ್ಯಾರ ಅಂತ ಗೆಳೆಯ ಹೇಳಿದ. ಸಂಜಿ ಬಸ್ಸು ಹತ್ತಿ, ರಾತ್ರಿಯೆಲ್ಲಾ ಕುಂತು, ಬೆಳಿಗ್ಗೆ ಮೆಜೆಸ್ಟಿಕ್ಕಿನ್ಯಾಗ ಇಳಿದೆ. ಮುಖಾ ತೊಳಕೊಂಡು ಸೀದಾ ಗಾಂಧಿನಗರದ ಆಫೀಸಿಗೆ ಹ್ವಾದೆ. ಅಲ್ಲಿದ್ದವರು ನನ್ನ ಮುಖಾ ನೋಡಿ ‘ರಾತ್ರಿ ಜಾಸ್ತಿ ಆಯ್ತೇನಪ್ಪಾ?’ ಅಂದ್ರು. ಸರ, ನಾನು ಶೆರೆ ಮುಟ್ಟಿದವನೇ ಅಲ್ಲ. ತೆಗೆದ ಫೋಟೋ ನೋಡಿದರ ನನಗ ನನ್ನ ಗುರ್ತು ಹತ್ತಲಿಲ್ಲ. ಮುಂದಿನ ತಿಂಗಳು ಮತ್ತ ಕರದಾರ. ಬಾವು ಇಳೀಬೇಕು, ಆದರ ಕಣ್ಣು ನನ್ನವೇ ಇರಬೇಕು. ಏನ್ ಮಾಡ್ಲಿ?"

ಭಲೇ ತಮ್ಮಾ! ಕೊನೆಯ ಸಾಲಿನಲ್ಲಿ ನೀನು ಕೇಳಿದ್ದೇ ಸರಿಯಾದ ಪ್ರಶ್ನೆ. ಇಂಥ ಹೊತ್ತಿನಲ್ಲಿ ಹುಡುಗರು ಮಾಡುವ ತಪ್ಪೆಂದರೆ ಕಪ್ಪು ಗೆರೆ ಎಳೆದು, ಪಟ್ಟಿ ಅಂಟಿಸಿ, ಕಣ್ಣಿನ ಆಕಾರವನ್ನೇ ಬೇರೆ ಮಾಡಿಕೊಳ್ಳುವುದು. ಕರೆದವರು ನೋಡಬೇಕಾದದ್ದು ನಿನ್ನ ಕಣ್ಣನ್ನು. ಬಣ್ಣ ಬೇಕಾದರೆ ಅವರೇ ಹಚ್ಚುತ್ತಾರೆ. ನಿನ್ನ ಕೆಲಸ ಬಾವಿನ ಹಿಂದೆ ಮುಚ್ಚಿಹೋದ ಕಣ್ಣನ್ನು ವಾಪಸು ತರುವುದು, ಅಷ್ಟೇ.

ಮೊದಲು ಕಣ್ಣು ಯಾಕೆ ಊದಿತು ಎಂಬುದನ್ನು ತಿಳಿ. ನಮ್ಮ ಮೈಯಲ್ಲೆಲ್ಲಾ ಅತಿ ತೆಳುವಾದ ಚರ್ಮ ರೆಪ್ಪೆಯದು. ಅದರ ಅಡಿಯ ಪದರ ಸಡಿಲ. ನೀರು ಸೇರಲು ಅದಕ್ಕಿಂತ ಸುಲಭದ ಜಾಗ ಮುಖದಲ್ಲಿ ಇನ್ನೊಂದಿಲ್ಲ. ಹಗಲು ನಾವು ತಲೆ ಎತ್ತಿಕೊಂಡು ಇರುತ್ತೇವೆ, ನೀರು ಕೆಳಗಿಳಿಯುತ್ತದೆ. ರೆಪ್ಪೆ ಬಡಿದಾಗಲೆಲ್ಲ ಇನ್ನಷ್ಟು ಸರಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಏನಾಯಿತು ನೋಡು. ತಲೆ ಎದೆಯ ಮೇಲೆ ಬಿತ್ತು, ಇಲ್ಲವೆ ಮುಂದಿನ ಸೀಟಿನ ಸರಳಿಗೆ ಹಣೆ ಒರಗಿತು. ರೆಪ್ಪೆ ಬಡಿಯುವುದು ನಿಂತಿತು. ಊಟಕ್ಕೆ ಬಸ್ಸು ನಿಂತಾಗ ಮಿರ್ಚಿ ಭಜಿ, ಉಪ್ಪಿನಕಾಯಿ, ಹಪ್ಪಳ ಹೊಟ್ಟೆ ಸೇರಿದವು. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಟ್ಟಿತು. ಮೇಲೆ ಧೂಳು ಬಿದ್ದ ಕಣ್ಣನ್ನು ನೀನು ಮುಷ್ಟಿಯಿಂದ ತಿಕ್ಕಿದೆ. ಬೆಳಿಗ್ಗೆ ಕಣ್ಣು ಊದದೆ ಇನ್ನೇನಾದೀತು?

ಆದ್ದರಿಂದ ಕೆಲಸ ಬಸ್ಸು ಹತ್ತುವ ಮೊದಲೇ ಶುರು. ಊಟ ಮನೆಯಲ್ಲೇ ಮುಗಿಸು, ಉಪ್ಪು ಕಮ್ಮಿ ಇರಲಿ. ದಾರಿಗೆ ಏನಾದರೂ ಬೇಕೆಂದರೆ ಗೋಕಾಕದ ಕರದಂಟು ಇಟ್ಟುಕೋ, ಅದರಲ್ಲಿ ಉಪ್ಪಿನ ಕಾಟವಿಲ್ಲ! ನೀರು ಎಂದಿನಂತೆ ಕುಡಿ. ಕುಡಿಯದೆ ಇದ್ದರೆ ಬಾವು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಟವೆಲನ್ನು ಸುರುಳಿ ಸುತ್ತಿ ಕತ್ತಿನ ಹಿಂದೆ ಇಟ್ಟುಕೋ, ತಲೆ ಮುಂದಕ್ಕೆ ಬೀಳದೆ ಹಿಂದಕ್ಕೆ ಒರಗಲಿ. ಮಲಗುವ ಬಸ್ಸಾದರೆ ಚೀಲವನ್ನು ತಲೆಯಡಿ ಇಟ್ಟು ತಲೆ, ಭುಜ ಎರಡನ್ನೂ ಎತ್ತರಿಸು. ಬೋರಲಾಗಿ ಮಾತ್ರ ಮಲಗಬೇಡ. ಕಣ್ಣಿಗೆ ಲೆನ್ಸ್ ಹಾಕುವವನಾದರೆ ಹತ್ತುವ ಮೊದಲೇ ತೆಗೆದಿಡು.

ಈಗ ಬೆಳಗಿನ ಲೆಕ್ಕ. ಬಸ್ಸು ಆರಕ್ಕೆ ಇಳಿಸಿತು, ನಿನ್ನನ್ನು ಕರೆದದ್ದು ಹತ್ತಕ್ಕೆ ಎಂದುಕೊಳ್ಳೋಣ. ನಾಲ್ಕು ತಾಸು ಸಾಕಾದಷ್ಟು ಸಮಯ. ಇಳಿದ ಕೂಡಲೆ ಲಾಡ್ಜಿನ ಮಂಚ ನೋಡಿ ಆಸೆಪಟ್ಟು ಉರುಳಬೇಡ. ಮತ್ತೆ ಅಡ್ಡವಾದರೆ ಮತ್ತೆ ನೀರು ಮುಖಕ್ಕೇ ಬರುತ್ತದೆ. ಮುಖ ತೊಳೆದು, ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂಡು. ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮಡಚಿ ಮುಚ್ಚಿದ ಕಣ್ಣಿನ ಮೇಲೆ ಇಡು. ಎರಡು ನಿಮಿಷಕ್ಕೆ ಬಟ್ಟೆ ಬೆಚ್ಚಗಾಗುತ್ತದೆ, ಮತ್ತೆ ಅದ್ದು. ಹೀಗೆ ಒಟ್ಟು ಹತ್ತು ನಿಮಿಷ. ಗಡಿಗೆಯ ನೀರಿನ ತಂಪು ಸಾಕು. ಐಸ್ ಸಿಕ್ಕರೂ ಬರಿಯ ತುಂಡನ್ನು ರೆಪ್ಪೆಗೆ ತಾಗಿಸಬೇಡ, ಆ ತೆಳು ಚರ್ಮ ಸುಟ್ಟಂತಾಗುತ್ತದೆ. ಬಟ್ಟೆಯನ್ನು ಒತ್ತಬೇಡ, ಭಾರವಿಲ್ಲದೆ ಇಟ್ಟರೆ ಆಯಿತು.

ತಂಪು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸದಾಗಿ ನೀರು ಸೇರುವುದನ್ನು ತಡೆಯುತ್ತದೆ. ಸೌತೆಕಾಯಿ ಬಿಲ್ಲೆ, ಆರಿದ ಚಹಾ ಪೊಟ್ಟಣ, ತಣ್ಣನೆಯ ಚಮಚ, ಇವೆಲ್ಲ ಮಾಡುವುದೂ ಮುಖ್ಯವಾಗಿ ಈ ತಂಪಿನ ಕೆಲಸವನ್ನೇ. ಬಟ್ಟೆ ಇದ್ದರೆ ಅವುಗಳಿಗಾಗಿ ಅಲೆಯಬೇಡ.

ಆಮೇಲೆ ಉಂಗುರದ ಬೆರಳಿನಿಂದ, ಕಣ್ಣಿನ ಕೆಳಗಿನ ಎಲುಬಿನ ಅಂಚಿನ ಮೇಲೆ, ಮೂಗಿನ ಕಡೆಯಿಂದ ಕಣತಲೆಯ ಕಡೆಗೆ ಹಗುರಾಗಿ ಹತ್ತು ಸಲ ಸವರು. ಬೆರಳು ಎಲುಬಿನ ಮೇಲಿರಲಿ, ಗುಡ್ಡೆಯ ಮೇಲೆ ಬೇಡ. ಚರ್ಮ ಎಳೆದು ನೆರಿಗೆ ಬಿದ್ದರೆ ನಿನ್ನ ಕೈ ಭಾರವಾಯಿತು ಎಂದರ್ಥ. ಇಷ್ಟಾದ ಮೇಲೆ ಎದ್ದು ಅರ್ಧ ತಾಸು ಅಡ್ಡಾಡು, ಚಹಾ ಕುಡಿ. ಎಂಟರ ಸುಮಾರಿಗೆ ಇನ್ನೊಮ್ಮೆ ಹತ್ತು ನಿಮಿಷ ತಂಪು ಬಟ್ಟೆ. ಉಳಿದ ಕೆಲಸವನ್ನು ನಿಂತ ಕಾಲು, ಬಡಿಯುವ ರೆಪ್ಪೆ ತಾವೇ ಮಾಡುತ್ತವೆ.

ಒಂಬತ್ತಕ್ಕೆ ಕಿಟಕಿಗೆ ಮುಖ ಮಾಡಿ ಕನ್ನಡಿ ನೋಡು. ತಲೆಯ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಸಣ್ಣ ಉಬ್ಬಿಗೂ ದೊಡ್ಡ ನೆರಳು ಬೀಳುತ್ತದೆ, ಇಲ್ಲದ ಭಯ ಹುಟ್ಟುತ್ತದೆ. ನಿನ್ನದೇ ಒಂದು ಒಳ್ಳೆಯ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೋ. ಮೇಲಿನ ರೆಪ್ಪೆಯ ಮಡಿಕೆ ಆ ಫೋಟೋದಲ್ಲಿ ಕಂಡಷ್ಟೇ ಕಂಡರೆ ಬಾವು ಇಳಿದಿದೆ. ಬಣ್ಣ ಬೇಡ, ನಡಿ.

ಇನ್ನೂ ಸ್ವಲ್ಪ ಉಳಿದಿದ್ದರೆ ಮಾತ್ರ ಬಣ್ಣದ ಪೆಟ್ಟಿಗೆ ತೆರೆ. ಎರಡು ಬಣ್ಣ ಸಾಕು: ನಿನ್ನ ಮೈಬಣ್ಣದ್ದೇ ಒಂದು, ಅದಕ್ಕಿಂತ ಒಂದು ಕೂದಲೆಳೆಯಷ್ಟು ಕಪ್ಪಾದದ್ದು ಒಂದು. ಎರಡಕ್ಕೂ ಹೊಳಪು ಇರಬಾರದು. ಬೆಳಕಿನ ಸೂತ್ರ ಇಷ್ಟೇ: ತಿಳಿ ಬಣ್ಣ ಮುಂದೆ ಬರುತ್ತದೆ, ಗಾಢ ಬಣ್ಣ ಹಿಂದೆ ಸರಿಯುತ್ತದೆ. ಬಹಳ ಹುಡುಗರು ಊದಿದ ಜಾಗಕ್ಕೇ ಬೆಳ್ಳನೆಯ ಪೌಡರು ಬಡಿಯುತ್ತಾರೆ, ಉಬ್ಬು ಇನ್ನೂ ಎದ್ದು ಕಾಣುತ್ತದೆ. ನೀನು ಉಲ್ಟಾ ಮಾಡು. ಉಬ್ಬಿನ ಮೇಲೆ ಗಾಢ ಬಣ್ಣದ ಒಂದು ಚುಕ್ಕೆ, ಉಬ್ಬಿನ ಕೆಳಗೆ ನೆರಳು ಬಿದ್ದ ಗೆರೆಯಲ್ಲಿ ಮೈಬಣ್ಣದ ಒಂದು ಗೆರೆ. ಉಂಗುರದ ಬೆರಳಿನಿಂದ ಮೆಲ್ಲಗೆ ತಟ್ಟಿ ಅಂಚು ಕರಗಿಸು, ತಿಕ್ಕಬೇಡ.

ಮೇಲಿನ ರೆಪ್ಪೆ ಊದಿದ್ದರೆ ಊದಿದ ಗುಬ್ಬಿಯ ಮೇಲಷ್ಟೇ ಗಾಢ ಬಣ್ಣ. ರೆಪ್ಪೆಗೂದಲಿನ ಗೆರೆಗೆ ಇಳಿಸಬೇಡ, ಕಣ್ಣಿನ ಹೊರಮೂಲೆ ದಾಟಿಸಬೇಡ. ದಾಟಿಸಿದರೆ ಕಣ್ಣು ಉದ್ದವಾಗಿ ಕಾಣುತ್ತದೆ, ಆಕಾರ ಬದಲಾಯಿತು. ಕೆಳಗಿನ ರೆಪ್ಪೆಗೆ ಕಾಡಿಗೆಯೂ ಬೇಡ, ಅದು ಬಾವಿಗೆ ಅಡಿಗೆರೆ ಎಳೆದಂತೆ. ಮುಗಿದ ಮೇಲೆ ಎರಡು ಹೆಜ್ಜೆ ದೂರದಿಂದ ಒಂದು ಫೋಟೋ ತೆಗೆಸಿ ನೋಡು. ಬಣ್ಣ ಕಂಡರೆ ಹೆಚ್ಚಾಯಿತು, ಅರ್ಧ ಒರೆಸು.

ಕೆಲವರು ಕಿವಿಯಲ್ಲಿ ಇನ್ನೊಂದು ಉಪಾಯ ಊದುತ್ತಾರೆ: ಮೂಲವ್ಯಾಧಿಯ ಮುಲಾಮು ಹಚ್ಚಿದರೆ ಬಾವು ತಟ್ಟನೆ ಇಳಿಯುತ್ತದಂತೆ! ಬೇಡ, ಬೇಡ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ರೆಪ್ಪೆಗೆ ಮೇಲಿಂದ ಮೇಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ನೋವಿನ ಬಾಮು, ನಿಂಬೆರಸಗಳನ್ನೂ ಕಣ್ಣಿನ ಹತ್ತಿರ ತರಬೇಡ.

ಇನ್ನು ಗೋಕಾಕದ ಮಿತ್ರ. ಅವನದು ಬೇರೆ ಕಥೆ: "ಬಸ್ಸು ಹತ್ತಲಿ ಬಿಡಲಿ, ಎಂಟು ತಾಸು ಮಲಗಿದರೂ ಕಣ್ಣಿನ ಕೆಳಗ ಚೀಲ ಇದ್ದೇ ಇರತಾವ. ನಮ್ಮಪ್ಪಗೂ ಹಂಗೇ ಅದಾವ." ತಮ್ಮಾ, ಕನ್ನಡಿಯ ಮುಂದೆ ಗದ್ದ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ನೋಡು. ಚೀಲ ಆಗ ಇನ್ನಷ್ಟು ಉಬ್ಬಿದರೆ ಅದು ಕೊಬ್ಬು. ಹಾಗೆಯೇ ಇದ್ದರೆ ನೀರು ಇರಬಹುದು. ಕೊಬ್ಬಿನ ಚೀಲ ಮನೆತನದ ಬಳುವಳಿ, ತಂಪು ಬಟ್ಟೆಗೆ ಜಗ್ಗುವುದಿಲ್ಲ. ಅದು ನಿನ್ನ ಮುಖದ ಆಕಾರವೇ. ಎದುರಿನಿಂದ ಬೆಳಕು ಬೀಳುವ ಕಡೆ ನಿಂತು ಫೋಟೋ ತೆಗೆಸು, ಅಷ್ಟರಲ್ಲೇ ಅರ್ಧ ಮಾಯ.

ಮೂಡಲಗಿಯ ಮಿತ್ರ ಶ್ರೀಕೃಷ್ಣ ಪಾರಿಜಾತದ ಮೇಳದವನು. ಕುಲಗೋಡ ತಮ್ಮಣ್ಣನವರ ಹೆಸರಿನೊಂದಿಗೆ ಬೆಸೆದ ಆಟ ಅದು, ಕೌಜಲಗಿ ನಿಂಗಮ್ಮ ಮೆರೆದ ಆಟ. ರಾತ್ರಿಯಿಡೀ ಬಣ್ಣ, ರಾತ್ರಿಯಿಡೀ ನಿದ್ದೆಗೇಡು. ಅವನ ಕಣ್ಣು ಆಟದ ಮರುದಿನ ಕೆಂಪಾಗಿ, ಕಡಿಯುತ್ತಾ ಊದುತ್ತದಂತೆ. ಕಡಿತ ಇದೆ ಎಂದ ಮೇಲೆ ನಿದ್ದೆಯೊಂದೇ ಕಾರಣವಲ್ಲ. ಬಣ್ಣದ ಮೇಲೆ ಅನುಮಾನ ಇಡಬೇಕು. ಒಂದು ಆಟಕ್ಕೆ ರೆಪ್ಪೆಗೆ ಬಣ್ಣ ಬಿಟ್ಟು ನೋಡು, ಮರುದಿನ ಕಣ್ಣು ತಿಳಿಯಾಗಿದ್ದರೆ ಕಳ್ಳ ಸಿಕ್ಕ. ಹಳೆಯ ಪೆಟ್ಟಿಗೆಯ ಅರದಾಳವನ್ನಂತೂ ಮುಟ್ಟಲೇಬೇಡ, ಅದರಲ್ಲಿರುವುದು ಆರ್ಸೆನಿಕ್ ವಿಷ. ಬಣ್ಣ ತೆಗೆಯುವಾಗ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಬಣ್ಣ ಮೆತ್ತಗಾದ ಮೇಲೆ ಒರೆಸು. ಬಳಿಕ ಎಣ್ಣೆಯನ್ನೂ ತೊಳೆದುಬಿಡು.

ಕೊನೆಗೆ ಒಂದು ಮಾತು, ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ನಿದ್ದೆಗೆಟ್ಟ ಬಾವು ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ನೋಯುವುದಿಲ್ಲ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಒಂದೇ ಕಣ್ಣು ಕೆಂಪಾಗಿ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ದೃಷ್ಟಿ ಮಂಜಾದರೆ, ಗುಡ್ಡೆ ಹೊರಳಿಸಲು ನೋವಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಓಡಿ. ಚೆನ್ನಾಗಿ ಮಲಗಿದರೂ ದಿನಾ ಬೆಳಿಗ್ಗೆ ಎರಡೂ ಕಣ್ಣು ಊದುತ್ತಿದ್ದರೆ, ಕಾಲೂ ಊದಿ, ಮೂತ್ರದಲ್ಲಿ ನೊರೆ ಕಂಡರೆ ಮೂತ್ರಪಿಂಡದ ತೊಂದರೆ ಇರಬಹುದು. ಮೂತ್ರ ಪರೀಕ್ಷೆ ಮಾಡಿಸಿ, ಬಣ್ಣದಲ್ಲಿ ಮುಚ್ಚಬೇಡಿ.

ಹುಕ್ಕೇರಿಯ ತಮ್ಮಾ, ಹತ್ತು ಗಂಟೆಗೆ ಬಾಗಿಲು ತಟ್ಟು. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಒಂದು ರಾತ್ರಿ ಮಲಗು, ಅದಕ್ಕಿಂತ ದೊಡ್ಡ ಮದ್ದಿಲ್ಲ. ಈ ಸಲ "ಜಾಸ್ತಿ ಆಯ್ತೇನಪ್ಪಾ" ಅಂದವರೇ "ಎಲ್ಲಿಯವನಪ್ಪಾ ನೀನು?" ಎಂದು ಕೇಳಲಿ. ಏನಾಯಿತೆಂದು ಕಾಗದ ಬರೀತೀಯಲ್ಲಾ?